ಲೆಕ್ಕ ಸರ್ವರ್‌ನಲ್ಲೇ ಇರಲಿ

2018ರ ಮಾರ್ಚ್‌ನಲ್ಲಿ, ಷೇರುಪೇಟೆಗೆ ಬರುವ ಸಿದ್ಧತೆಯಲ್ಲಿದ್ದ ಸ್ಪಾಟಿಫೈ ಕಂಪನಿ ಅಮೆರಿಕದ ಷೇರು ನಿಯಂತ್ರಕರಿಗೆ ಕೊಟ್ಟಿದ್ದ ದಾಖಲೆಯನ್ನು ತಿದ್ದಬೇಕಾಯಿತು. ತನಗೆ 15.9 ಕೋಟಿ ಬಳಕೆದಾರರಿದ್ದಾರೆ ಎಂದಿದ್ದ ಕಂಪನಿ ಆ ಸಂಖ್ಯೆಯನ್ನು 15.7 ಕೋಟಿಗೆ ಇಳಿಸಿತು. ಕೈಬಿಟ್ಟ ಆ 20 ಲಕ್ಷ ಜನ ಚಂದಾ ಕಟ್ಟುತ್ತಿರಲಿಲ್ಲ, ಜಾಹೀರಾತನ್ನೂ ಕೇಳುತ್ತಿರಲಿಲ್ಲ. ಅವರ ಫೋನಿನಲ್ಲಿದ್ದದ್ದು ಯಾರೋ ತಿದ್ದಿ ಹಂಚಿದ್ದ ಸ್ಪಾಟಿಫೈ. ನೋಡಲು ಅಸಲಿಯಂತೆಯೇ ಇದ್ದ ಆ ಆ್ಯಪ್ ಕಂಪನಿಯ ಸರ್ವರ್‌ನಿಂದಲೇ ಹಾಡು ತರಿಸಿಕೊಳ್ಳುತ್ತಿತ್ತು.

ಇಂಥವನ್ನು ನಮ್ಮಲ್ಲಿ ‘ಮಾಡ್ ಎಪಿಕೆ’ ಎನ್ನುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ, ವಾಟ್ಸ್ಆ್ಯಪ್ ಫಾರ್ವರ್ಡ್‌ಗಳಲ್ಲಿ ‘ಪ್ರೀಮಿಯಂ ಅನ್‌ಲಾಕ್ಡ್’ ಎಂಬ ಒಕ್ಕಣೆ ಹೊತ್ತು ಓಡಾಡುತ್ತವೆ. ಇವುಗಳಿಂದ ದೊಡ್ಡ ಕಂಪನಿಗಳು ಕಳೆದುಕೊಳ್ಳುವುದನ್ನು ಸುದ್ದಿಯಲ್ಲಿ ಓದುತ್ತೇವೆ. ನನಗೆ ಹೆಚ್ಚು ಕಾಡುವುದು ಸಣ್ಣ ತಂಡಗಳ ಸ್ಥಿತಿ. ಇಬ್ಬರೋ ಮೂವರೋ ಸೇರಿ ಒಂದು ಆ್ಯಪ್ ಕಟ್ಟಿರುತ್ತಾರೆ, ಸರ್ವರ್ ಬಾಡಿಗೆಯನ್ನು ಕೈಯಿಂದ ಕಟ್ಟುತ್ತಿರುತ್ತಾರೆ. ಒಂದು ತಿಂಗಳು ಇದ್ದಕ್ಕಿದ್ದಂತೆ ಬಿಲ್ ಮೂರು ಪಟ್ಟಾಗುತ್ತದೆ, ಚಂದಾದಾರರ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಇದು ಹೇಗಾಗುತ್ತದೆ, ಇದನ್ನು ಎಲ್ಲಿ ತಡೆಯಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಕನ್ನಡ ಕಥೆ, ಕಾದಂಬರಿಗಳನ್ನು ಕಂತುಗಳಲ್ಲಿ ಕೇಳಿಸುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಒಟ್ಟು 6,000 ಕಂತುಗಳು. ಒಂದೊಂದು 25 ನಿಮಿಷದ್ದು, ಸುಮಾರು 12 ಎಂಬಿ ಗಾತ್ರದ್ದು. ದಿನಕ್ಕೆ ಮೂರು ಕಂತು ಉಚಿತ. ತಿಂಗಳಿಗೆ 99 ರೂಪಾಯಿ ಕೊಟ್ಟರೆ ಎಷ್ಟು ಬೇಕಾದರೂ ಕೇಳಬಹುದು. ಮೊದಲ ಆವೃತ್ತಿಯನ್ನು ಅವಸರದಲ್ಲಿ ಕಟ್ಟಿದ್ದರಿಂದ ಚಂದಾ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಆ್ಯಪ್ ತಾನೇ ನೋಡಿಕೊಂಡು ಸರ್ವರ್‌ಗೆ ಹೀಗೆ ಹೇಳುತ್ತದೆ:

```
GET /v1/episode/4182/audio?premium=true
```

4182ನೇ ಕಂತಿನ ಆಡಿಯೊ ಕೊಡು, ಕೇಳುತ್ತಿರುವವರು ಚಂದಾದಾರರು ಎಂಬುದು ಇದರ ಅರ್ಥ. ಸರ್ವರ್ ಅದನ್ನು ನಂಬಿ ಆಡಿಯೊದ ಲಿಂಕ್ ಕೊಡುತ್ತದೆ.

ಇದನ್ನು ತಿದ್ದುವವನಿಗೆ ಹೆಚ್ಚು ವಿದ್ಯೆ ಬೇಕಿಲ್ಲ. ಆ್ಯಂಡ್ರಾಯ್ಡ್ ಆ್ಯಪ್‌ನ ಎಪಿಕೆ ಕಡತ ಹೆಸರಿಗಷ್ಟೇ ಬೇರೆ, ಒಳಗೆ ಅದೊಂದು ಜಿಪ್ ಕಡತ. apktool ಎಂಬ ಉಚಿತ ಸಾಧನ ಅದನ್ನು ಬಿಚ್ಚಿ, ಒಳಗಿನ ಕೋಡನ್ನು ಓದಿ ತಿದ್ದಬಹುದಾದ ರೂಪಕ್ಕೆ ತರುತ್ತದೆ. ಅದರಲ್ಲಿ isPremium ಎಂಬಂಥ ಹೆಸರಿನ ಭಾಗವನ್ನು ಹುಡುಕಿ, ಅದು ಯಾವಾಗಲೂ ‘ಹೌದು’ ಎನ್ನುವಂತೆ ಒಂದೆರಡು ಸಾಲು ಬದಲಾಯಿಸಿ, ಮತ್ತೆ ಕಟ್ಟಿದರೆ ಮುಗಿಯಿತು. ಆ್ಯಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರಲೇಬೇಕು. ಅಸಲಿ ಕಂಪನಿಯ ಸಹಿ ತಿದ್ದಿದವನ ಬಳಿ ಇರುವುದಿಲ್ಲವಾದ್ದರಿಂದ ಅವನು ತನ್ನದೇ ಸಹಿ ಹಾಕುತ್ತಾನೆ. ಮಾಡ್ ಹಾಕಿಕೊಳ್ಳುವ ಮೊದಲು ಅಸಲಿ ಆ್ಯಪ್ ಅಳಿಸಿ ಎಂದು ಆ ಗುಂಪುಗಳಲ್ಲಿ ಹೇಳುವುದು ಇದೇ ಕಾರಣಕ್ಕೆ. ಒಂದೇ ಹೆಸರಿನ ಆ್ಯಪ್ ಬೇರೆ ಸಹಿಯೊಂದಿಗೆ ಬಂದರೆ ಅಸಲಿಯ ಮೇಲೆ ಕೂರಲು ಫೋನ್ ಬಿಡುವುದಿಲ್ಲ.

ಇದು ಗೊತ್ತಾದ ಕೂಡಲೇ ಹೆಚ್ಚಿನ ತಂಡಗಳು ಆ್ಯಪನ್ನೇ ಗಟ್ಟಿ ಮಾಡಲು ಹೊರಡುತ್ತವೆ. ಕೋಡಿನ ಹೆಸರುಗಳನ್ನು ಗೋಜಲು ಮಾಡುತ್ತವೆ, ಫೋನ್ ರೂಟ್ ಆಗಿದೆಯೇ ಎಂದು ಪರೀಕ್ಷಿಸುತ್ತವೆ, ಆ್ಯಪ್‌ನೊಳಗೆ ಒಂದು ಗುಪ್ತ ಕೀಲಿ ಬಚ್ಚಿಟ್ಟು ಪ್ರತಿ ಕೋರಿಕೆಗೂ ಅದರಿಂದ ಸಹಿ ಹಾಕಿಸುತ್ತವೆ. ಇವು ನಿರುಪಯುಕ್ತವಲ್ಲ, ತಿದ್ದುವವನ ಕೆಲಸವನ್ನು ಕೆಲವು ದಿನ ಮುಂದೂಡುತ್ತವೆ. ಆದರೆ ಅಷ್ಟೇ. ಪರೀಕ್ಷೆ ನಡೆಸುವ ಕೋಡ್ ಕೂಡ ಅವನ ಕೈಯಲ್ಲಿರುವ ಕಡತದಲ್ಲೇ ಇದೆ, ಆ ಗುಪ್ತ ಕೀಲಿಯೂ ಅಲ್ಲೇ ಇದೆ. ಎಚ್‌ಟಿಟಿಪಿಎಸ್ ಇದೆಯಲ್ಲ ಎಂದರೆ, ಅದು ದಾರಿಯಲ್ಲಿ ಕದ್ದು ಕೇಳುವವರನ್ನು ತಡೆಯುತ್ತದೆಯೇ ಹೊರತು ಫೋನಿನ ಒಡೆಯನನ್ನಲ್ಲ. ಆ್ಯಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರ ತಾನೇ ಸೇರಿಸಿದ ಪ್ರಮಾಣಪತ್ರವನ್ನು ಆ್ಯಪ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ನಿಜ. ತಿದ್ದಿದ ಪ್ರತಿಯಲ್ಲಿ ಆ ನಿಯಮವನ್ನೂ ಬದಲಾಯಿಸಬಹುದು. ಆಮೇಲೆ ಆ್ಯಪ್ ಸರ್ವರ್‌ನೊಡನೆ ಆಡುವ ಪ್ರತಿ ಮಾತೂ ಅವನ ಕಂಪ್ಯೂಟರ್ ಪರದೆಯ ಮೇಲೆ ಕಾಣುತ್ತದೆ.

2016ರಲ್ಲಿ ಪೋಕೆಮಾನ್ ಗೋ ಆಟದ ವಿಷಯದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಆಟ ಜುಲೈನಲ್ಲಿ ಬಂತು. ಕೆಲವೇ ವಾರಗಳಲ್ಲಿ, ಯಾವ ಪ್ರಾಣಿ ಎಲ್ಲಿದೆ ಎಂದು ತೋರಿಸುವ ನಕಾಶೆಗಳು, ತಾವೇ ಆಡುವ ಬಾಟ್‌ಗಳು ಹುಟ್ಟಿಕೊಂಡವು. ಇವೆಲ್ಲ ಅಸಲಿ ಆಟದಂತೆ ನಟಿಸುತ್ತ ನಯಾಂಟಿಕ್ ಕಂಪನಿಯ ಸರ್ವರ್‌ಗೆ ಕೋರಿಕೆಗಳ ಮಳೆ ಸುರಿಸುತ್ತಿದ್ದವು. ಆಗಸ್ಟ್ ಮೊದಲ ವಾರ ಕಂಪನಿ ಅವನ್ನು ಕಡಿದು ಹಾಕಿತು. ಹಾಗೆ ತಡೆದ ಕೂಡಲೇ ಸರ್ವರ್‌ಗಳ ಮೇಲಿನ ಹೊರೆ ಥಟ್ಟನೆ ಕುಸಿದದ್ದನ್ನು ಮುಖ್ಯಸ್ಥ ಜಾನ್ ಹ್ಯಾಂಕಿ ಒಂದು ನಕ್ಷೆಯೊಂದಿಗೆ ಪ್ರಕಟಿಸಿದರು. ಉಳಿದ ಸಾಮರ್ಥ್ಯದಿಂದಲೇ ಲ್ಯಾಟಿನ್ ಅಮೆರಿಕದಲ್ಲಿ ಆಟ ಬಿಡುಗಡೆ ಮಾಡಲು ಆಯಿತು ಎಂದೂ ತಿಳಿಸಿದರು. ಒಂದು ಭೂಖಂಡದ ಆಟಗಾರರನ್ನು ಕಾಯಿಸುವಷ್ಟು ಭಾರವನ್ನು ನಕಲಿ ಗ್ರಾಹಕರು ಹೊರಿಸಿದ್ದರು.

ತಡೆದದ್ದು ಹೇಗೆ? ಪ್ರತಿ ಕೋರಿಕೆಯಲ್ಲೂ ಮೊದಲೇ ಇದ್ದ, ಹೊರಗಿನವರು ‘ಅನ್‌ನೋನ್6’ ಎಂದು ಕರೆಯುತ್ತಿದ್ದ ಒಂದು ಗೂಢ ಭಾಗವನ್ನು ಸರ್ವರ್ ಕಡ್ಡಾಯ ಮಾಡಿತು. ಸ್ಥಳ, ಸೆನ್ಸರ್, ಸಾಧನದ ವಿವರಗಳನ್ನೆಲ್ಲ ಸೇರಿಸಿ ಆ್ಯಪ್ ಗೂಢಲಿಪಿಯಲ್ಲಿ ಕಳಿಸುತ್ತಿದ್ದ ಗುರುತು ಅದು. ಹವ್ಯಾಸಿಗಳ ಒಂದು ಗುಂಪು ಆ್ಯಪನ್ನು ಬಿಚ್ಚಿ ಕೂತು ಕೆಲವೇ ದಿನಗಳಲ್ಲಿ ಅದರ ಗುಟ್ಟನ್ನು ಒಡೆಯಿತು. ಕಂಪನಿಗೆ ಹಣ, ಜನ ಯಾವುದಕ್ಕೂ ಕೊರತೆ ಇರಲಿಲ್ಲ. ಗುಟ್ಟು ಇದ್ದ ಜಾಗವೇ ತಪ್ಪು.

ಅದೇ ಆಟದಲ್ಲಿ ಇನ್ನೊಂದು ಕಾವಲು ಹೆಚ್ಚು ಬಾಳಿತು. ಆಟಗಾರ ಈಗ ಎಲ್ಲಿದ್ದಾನೆ, ಐದು ನಿಮಿಷದ ಹಿಂದೆ ಎಲ್ಲಿದ್ದ ಎಂಬುದು ಸರ್ವರ್‌ಗೆ ಗೊತ್ತು. ಮೈಸೂರಿನಲ್ಲಿದ್ದವನು ಐದು ನಿಮಿಷದಲ್ಲಿ ಬೆಂಗಳೂರಿನಲ್ಲಿದ್ದೇನೆ ಎಂದರೆ, 140 ಕಿಲೋಮೀಟರನ್ನು ಗಂಟೆಗೆ 1,680 ಕಿಲೋಮೀಟರ್ ವೇಗದಲ್ಲಿ ದಾಟಿದ್ದಾನೆ ಎಂದಾಯಿತು. ಅಂಥವನಿಗೆ ಸ್ವಲ್ಪ ಹೊತ್ತು ಆಟದಲ್ಲಿ ಏನೂ ದಕ್ಕುತ್ತಿರಲಿಲ್ಲ. ಆ್ಯಪನ್ನು ಎಷ್ಟೇ ತಿದ್ದಿದರೂ ಈ ಲೆಕ್ಕವನ್ನು ತಿದ್ದಲು ಆಗದು, ಏಕೆಂದರೆ ಲೆಕ್ಕ ನಡೆಯುವುದು ಬೇರೆ ಕಡೆ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ನಾವೇ ಪೆನ್ನಿನಿಂದ ಒಂದು ಸೊನ್ನೆ ಸೇರಿಸಿಕೊಂಡರೆ ಕೌಂಟರ್‌ನಲ್ಲಿ ಯಾರೂ ಹಣ ಎಣಿಸಿಕೊಡುವುದಿಲ್ಲ, ಅವರು ನೋಡುವುದು ತಮ್ಮ ಲೆಡ್ಜರನ್ನು. ಆ್ಯಪ್‌ಗೂ ಅಷ್ಟೇ ಗೌರವ ಸಲ್ಲಬೇಕು.

ಹಾಗಾದರೆ ನಮ್ಮ ಕಥೆಯ ಆ್ಯಪ್‌ಗೆ ಲೆಡ್ಜರ್ ಕಟ್ಟೋಣ. ಮೊದಲು premium=true ಎಂಬ ಮಾತನ್ನೇ ತೆಗೆದು ಹಾಕಬೇಕು. ಆ್ಯಪ್ ಹೇಳಬೇಕಾದದ್ದು ಎರಡೇ: ನಾನು ಇಂಥ ಖಾತೆಯವನು, ನನಗೆ ಇಂಥ ಕಂತು ಬೇಕು. ಲಾಗಿನ್ ಆದಾಗ ಸರ್ವರ್ ಕೊಟ್ಟ ಗುರುತಿನ ಟೋಕನ್ ಮೊದಲನೆಯದಕ್ಕೆ ಪುರಾವೆ. ಚಂದಾದಾರರೇ ಎಂಬ ಪ್ರಶ್ನೆಗೆ ಸರ್ವರ್ ತಾನೇ ಉತ್ತರ ಹುಡುಕಿಕೊಳ್ಳುತ್ತದೆ.

ಅದಕ್ಕೆ ದಾರಿ ಹೀಗಿದೆ. ಗೂಗಲ್ ಪ್ಲೇ ಮೂಲಕ ಯಾರಾದರೂ ಚಂದಾ ಕಟ್ಟಿದಾಗ ಆ್ಯಪ್‌ಗೆ ಒಂದು ಉದ್ದನೆಯ ಖರೀದಿ ಟೋಕನ್ ಸಿಗುತ್ತದೆ. ಆ್ಯಪ್ ಅದನ್ನು ನಮ್ಮ ಸರ್ವರ್‌ಗೆ ತಲುಪಿಸುತ್ತದೆ. ಸರ್ವರ್ ಆ ಟೋಕನ್ ಹಿಡಿದು ನೇರವಾಗಿ ಗೂಗಲ್‌ನ ಸರ್ವರನ್ನು ಕೇಳುತ್ತದೆ: ಇದು ನಿಜವೇ, ಚಾಲ್ತಿಯಲ್ಲಿದೆಯೇ, ಯಾವಾಗ ಮುಗಿಯುತ್ತದೆ? ಬಂದ ಉತ್ತರವನ್ನು ಖಾತೆಯ ಎದುರು ಬರೆದಿಟ್ಟುಕೊಳ್ಳುತ್ತದೆ. ಈ ಮಾತುಕತೆಯ ನಡುವೆ ಫೋನ್ ಇಲ್ಲ, ಆದ್ದರಿಂದ ಸುಳ್ಳು ಸೇರಿಸಲು ಸಂದಿಯೂ ಇಲ್ಲ. ಖರೀದಿಯನ್ನು ಮೂರು ದಿನದೊಳಗೆ ಸ್ವೀಕರಿಸಿದ್ದೇವೆ ಎಂದು ಗೂಗಲ್‌ಗೆ ತಿಳಿಸದಿದ್ದರೆ ಹಣ ತಾನಾಗಿ ಗ್ರಾಹಕರಿಗೆ ವಾಪಸಾಗುತ್ತದೆ, ಆ ಕೆಲಸವನ್ನೂ ಸರ್ವರ್‌ಗೇ ಒಪ್ಪಿಸುವುದು ಕ್ಷೇಮ. ಯಾರಾದರೂ ಚಂದಾ ರದ್ದು ಮಾಡಿ ಹಣ ಹಿಂಪಡೆದರೆ ಗೂಗಲ್ ಕಳಿಸುವ ಸೂಚನೆಗೂ ಕಿವಿಗೊಡಬೇಕು. ಇಲ್ಲವಾದರೆ ಕಟ್ಟಿ, ಟೋಕನ್ ಕೊಟ್ಟು, ಹಣ ವಾಪಸ್ ಪಡೆದವರು ಅವಧಿ ಮುಗಿಯುವವರೆಗೂ ಕೇಳುತ್ತಲೇ ಇರುತ್ತಾರೆ.

ಇಲ್ಲಿ ಬಹಳ ಮಂದಿ ಜಾರುವ ಒಂದು ಕಡೆ ಇದೆ. ಟೋಕನ್ ಅಸಲಿಯೇ ಎಂದು ನೋಡುತ್ತಾರೆ, ಅದು ಯಾರದು ಎಂದು ನೋಡುವುದಿಲ್ಲ. ಒಬ್ಬ 99 ರೂಪಾಯಿ ಕಟ್ಟಿ ತನಗೆ ಸಿಕ್ಕ ಟೋಕನನ್ನು ಮಾಡ್ ಆ್ಯಪ್‌ನೊಳಗೆ ಸೇರಿಸಿ ಹಂಚಿದರೆ, ಸಾವಿರ ಖಾತೆಗಳು ಅದೇ ಟೋಕನ್ ತೋರಿಸುತ್ತವೆ. ಪ್ರತಿ ಸಲವೂ ಗೂಗಲ್ ‘ಹೌದು, ಚಾಲ್ತಿಯಲ್ಲಿದೆ’ ಎಂದೇ ಹೇಳುತ್ತದೆ, ಏಕೆಂದರೆ ಅದು ನಿಜ. ಒಂದು ಟೋಕನ್ ಒಂದು ಖಾತೆಗೆ ಮಾತ್ರ ಎಂಬ ನಿಯಮವನ್ನು ನಮ್ಮ ಡೇಟಾಬೇಸ್‌ನಲ್ಲೇ ಹಾಕಿರಬೇಕು. ಎರಡನೆಯ ಖಾತೆ ಅದನ್ನೇ ತಂದರೆ ಬಾಗಿಲು ಮುಚ್ಚಬೇಕು. ಆದರೆ ಹಳೆಯ ಖಾತೆ ಮರೆತು ಹೊಸ ನಂಬರಿನಿಂದ ಬಂದ ಪ್ರಾಮಾಣಿಕ ಗ್ರಾಹಕರೂ ಹೀಗೇ ಕಾಣುತ್ತಾರೆ. ಅವರಿಗಾಗಿ ಚಂದಾವನ್ನು ಹೊಸ ಖಾತೆಗೆ ವರ್ಗಾಯಿಸುವ ಅವಕಾಶ ಇರಬೇಕು, ಅದೂ ತಿಂಗಳಿಗೊಮ್ಮೆ ಎರಡು ಬಾರಿ ಎಂಬಷ್ಟು ಮಿತಿಯಲ್ಲಿ.

ದಿನಕ್ಕೆ ಮೂರು ಉಚಿತ ಕಂತಿನ ಎಣಿಕೆಯೂ ಫೋನಿನಿಂದ ಸರ್ವರ್‌ಗೆ ಬರಬೇಕು. ಎಣಿಕೆ ಫೋನಿನಲ್ಲಿದ್ದರೆ ಮಾಡ್ ಕೂಡ ಬೇಕಿಲ್ಲ, ಆ್ಯಪ್‌ನ ಡೇಟಾ ಅಳಿಸಿದರೆ ಅಥವಾ ಫೋನಿನ ದಿನಾಂಕ ಒಂದು ದಿನ ಮುಂದೂಡಿದರೆ ಸಾಕು. ದಿನ ಬದಲಾಗುವುದು ಸರ್ವರ್‌ನ ಗಡಿಯಾರದ ಪ್ರಕಾರ ಭಾರತದ ಮಧ್ಯರಾತ್ರಿಗೆ. ‘ಜಾಹೀರಾತು ನೋಡಿದರೆ ಇನ್ನೊಂದು ಕಂತು’ ಎಂಬ ಕೊಡುಗೆ ಇದ್ದರೆ, ಜಾಹೀರಾತು ನೋಡಿ ಮುಗಿಸಿದೆ ಎಂದು ಆ್ಯಪ್ ಹೇಳುವುದನ್ನು ಒಪ್ಪಬಾರದು. ಗೂಗಲ್‌ನ ಆ್ಯಡ್‌ಮಾಬ್‌ನಲ್ಲಿ, ನೋಡಿ ಮುಗಿದ ಮೇಲೆ ಗೂಗಲ್‌ನ ಸರ್ವರ್ ನಮ್ಮ ಸರ್ವರ್‌ಗೆ ಸಹಿ ಮಾಡಿದ ಸಂದೇಶ ಕಳಿಸುವ ಏರ್ಪಾಡಿದೆ. ಸಹಿ ಪರೀಕ್ಷಿಸಿ, ಅದರಲ್ಲಿರುವ ವ್ಯವಹಾರ ಸಂಖ್ಯೆ ಹಿಂದೆ ಬಂದಿಲ್ಲ ಎಂದು ನೋಡಿ, ಆಮೇಲೆ ಕಂತು ಕೊಡಬೇಕು.

ಇನ್ನು ಆಡಿಯೊ ಲಿಂಕ್. ಆಡಿಯೊ ಕಡತಗಳು ಬದಲಾಗದ ವಿಳಾಸದಲ್ಲಿ ಎಲ್ಲರಿಗೂ ತೆರೆದಿದ್ದರೆ ಮೇಲಿನ ಕಾವಲೆಲ್ಲ ವ್ಯರ್ಥ. ಒಬ್ಬ ಚಂದಾದಾರ 6,000 ವಿಳಾಸಗಳ ಪಟ್ಟಿ ಮಾಡಿದರೆ ಮಾಡ್ ಆ್ಯಪ್ ನಮ್ಮ ಸರ್ವರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಆದ್ದರಿಂದ ಸರ್ವರ್ ಕೊಡುವುದು ಅವಧಿ ಇರುವ, ಸಹಿ ಹಾಕಿದ ಲಿಂಕ್. ಅವಧಿ ಎಷ್ಟು? ಐದು ನಿಮಿಷ ಇಟ್ಟರೆ ಭದ್ರ ಅನಿಸುತ್ತದೆ. ಆದರೆ ಆ್ಯಪ್ 25 ನಿಮಿಷದ ಕಂತನ್ನು ತುಂಡು ತುಂಡಾಗಿ ತರಿಸಿಕೊಳ್ಳುತ್ತದೆ. ಸಕಲೇಶಪುರದ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ಕೇಳುತ್ತಿರುವವರಿಗೆ ನೆಟ್‌ವರ್ಕ್ ಹೋಗಿ ಬರುವಷ್ಟರಲ್ಲಿ ಲಿಂಕ್ ಸತ್ತಿರುತ್ತದೆ. ಒಂದು ಗಂಟೆ ಇಟ್ಟು, ಮುಗಿದರೆ ಆ್ಯಪ್ ಸದ್ದಿಲ್ಲದೆ ಹೊಸದು ಕೇಳುವಂತೆ ಮಾಡುವುದು ನನ್ನ ಆಯ್ಕೆ.

ಇಷ್ಟಾದ ಮೇಲೂ ಒಂದು ದಾರಿ ತೆರೆದಿರುತ್ತದೆ. ಒಬ್ಬ ನಿಜವಾಗಿ 99 ರೂಪಾಯಿ ಕಟ್ಟುತ್ತಾನೆ. ಅವನ ಟೋಕನ್ ಅಸಲಿ, ಖಾತೆ ಅಸಲಿ. ಅವನ ಮಾಡ್ ಆ್ಯಪ್‌ಗೆ ಮಾತ್ರ ಕೇಳುವ ಉದ್ದೇಶವಿಲ್ಲ, ಒಂದರ ಹಿಂದೊಂದು ಲಿಂಕ್ ಪಡೆದು ಎಲ್ಲ ಕಂತನ್ನೂ ಇಳಿಸಿಕೊಳ್ಳುವುದೇ ಅದರ ಕೆಲಸ. ಸೆಕೆಂಡಿಗೆ ಐದು ಲಿಂಕ್ ಕೇಳಿದರೆ 6,000 ಕಂತಿನ ಲಿಂಕುಗಳು 20 ನಿಮಿಷದಲ್ಲಿ ಅವನ ಕೈಯಲ್ಲಿ. ಒಟ್ಟು 72 ಜಿಬಿ, ಅದರ ಬಿಲ್ ನಮ್ಮದು. ಇವನು ಯಾರೆಂಬ ಪರೀಕ್ಷೆಯಲ್ಲೂ, ಹಣ ಕಟ್ಟಿದ್ದಾನೆಯೇ ಎಂಬ ಪರೀಕ್ಷೆಯಲ್ಲೂ ಪಾಸಾಗಿದ್ದಾನೆ. ಇವನನ್ನು ಹಿಡಿಯುವುದು ವೇಗ. ಒಂದು ಖಾತೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಸಲ ಕೇಳಬಹುದು ಎಂಬ ಮಿತಿಗೆ ರೇಟ್ ಲಿಮಿಟ್ ಎನ್ನುತ್ತಾರೆ.

ಮಿತಿಯ ಸಂಖ್ಯೆಯನ್ನು ಊಹೆಯಿಂದ ಇಡಬಾರದು. ಮೊದಲು ನಮ್ಮದೇ ಲಾಗ್ ನೋಡಬೇಕು. ಹೆಚ್ಚಿನ ಕೇಳುಗರು ದಿನಕ್ಕೆ ಹತ್ತಿಪ್ಪತ್ತು ಲಿಂಕ್ ಕೇಳುತ್ತಾರೆ, ಅತಿ ಹೆಚ್ಚು ಕೇಳುವವರೂ 90 ದಾಟುವುದಿಲ್ಲ ಎಂದು ಕಂಡಿತು ಅನ್ನೋಣ. ಆ ಕೊನೆಯ ಗುಂಪಿನಲ್ಲಿ ಇಡೀ ದಿನ ಕಥೆ ಕೇಳುವ ದೃಷ್ಟಿಹೀನರಿರಬಹುದು, ಗಾಡಿ ಓಡಿಸುವವರಿರಬಹುದು. ಅವರನ್ನು ನೋಯಿಸುವ ಮಿತಿ ನಮಗೆ ಬೇಡ.

ಸರಳ ಉಪಾಯವೆಂದರೆ ಗಂಟೆಗೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ಎಣಿಸಿ, ಅವಧಿ ಮುಗಿದಾಗ ಸೊನ್ನೆಗೆ ತರುವುದು. ಅದರಲ್ಲೊಂದು ತೂತಿದೆ. ನಿಮಿಷಕ್ಕೆ 60 ಎಂದಿದ್ದರೆ, ಒಂದು ನಿಮಿಷದ ಕೊನೆಯ ಸೆಕೆಂಡಿನಲ್ಲಿ 60, ಮುಂದಿನ ನಿಮಿಷದ ಮೊದಲ ಸೆಕೆಂಡಿನಲ್ಲಿ 60, ಹೀಗೆ ಎರಡು ಸೆಕೆಂಡಿನಲ್ಲಿ 120 ಹೊಡೆಯಬಹುದು. ಆದ್ದರಿಂದ ಹೆಚ್ಚು ಬಳಕೆಯಲ್ಲಿರುವುದು ಟೋಕನ್ ಬಕೆಟ್ ಎಂಬ ಕ್ರಮ. ಪ್ರತಿ ಖಾತೆಯ ಹೆಸರಿನಲ್ಲೂ ಗರಿಷ್ಠ 20 ಟೋಕನ್ ಇರುತ್ತವೆ. ಒಂದು ಲಿಂಕ್‌ಗೆ ಒಂದು ಖರ್ಚಾಗುತ್ತದೆ. ಎರಡು ನಿಮಿಷಕ್ಕೆ ಒಂದರಂತೆ ಮತ್ತೆ ತುಂಬುತ್ತದೆ, ಆದರೆ 20ಕ್ಕಿಂತ ಹೆಚ್ಚಾಗುವುದಿಲ್ಲ. ಯಾವ ಕಥೆ ಕೇಳೋಣ ಎಂದು ಹುಡುಕುತ್ತ ಹತ್ತು ಕಂತುಗಳನ್ನು ಪಟಪಟನೆ ತೆರೆದು ನೋಡುವವರಿಗೆ ಯಾವ ಅಡ್ಡಿಯೂ ಆಗದು. ಇಳಿಸಿಕೊಳ್ಳುವವನು ಮಾತ್ರ 21ನೆಯದರಲ್ಲಿ ನಿಲ್ಲುತ್ತಾನೆ.

ಆದರೂ ಒಂದು ದಿನದ ಲೆಕ್ಕ ಹಾಕಿ. ಗಂಟೆಗೆ 30ರಂತೆ 24 ಗಂಟೆಗೆ 720, ಮೊದಲಿನ 20 ಸೇರಿ 740. ಒಂದೇ ಖಾತೆಯಿಂದ ಎಂಟೊಂಬತ್ತು ದಿನದಲ್ಲಿ ಇಡೀ ಸಂಗ್ರಹ ಹೋಗುತ್ತದೆ. ಹಾಗಾಗಿ ಎರಡನೆಯ ಮಿತಿಯೊಂದು ಬೇಕು: ದಿನಕ್ಕೆ 150. ಅತಿ ಹೆಚ್ಚು ಕೇಳುವವರಿಗೂ ಅದು ಸಾಕಷ್ಟು ದೂರ. ಇಳಿಸಿಕೊಳ್ಳುವವನ 20 ನಿಮಿಷದ ಕೆಲಸ ಈಗ 40 ದಿನಕ್ಕೆ ಎಳೆಯುತ್ತದೆ. ಎರಡನೆಯ ತಿಂಗಳ ಚಂದಾವನ್ನೂ ಅವನು ಕಟ್ಟಬೇಕು. ಅಷ್ಟರಲ್ಲಿ ಪ್ರತಿದಿನ ಸರಿಯಾಗಿ 150ಕ್ಕೆ ಮುಟ್ಟುವ ಖಾತೆ ಲಾಗ್‌ನಲ್ಲಿ ಎದ್ದು ಕಾಣುತ್ತದೆ.

ಮಿತಿ ಮೀರಿದವರಿಗೆ ಸರ್ವರ್ ಹೇಳುವ ಉತ್ತರಕ್ಕೆ 2012ರಿಂದ ಒಂದು ನಿಗದಿತ ಸಂಖ್ಯೆ ಇದೆ:

```
HTTP/1.1 429 Too Many Requests
Retry-After: 120
```

ಕೋರಿಕೆ ಹೆಚ್ಚಾಯಿತು, 120 ಸೆಕೆಂಡ್ ಬಿಟ್ಟು ಬಾ ಎಂದು ಅರ್ಥ. ಅಸಲಿ ಆ್ಯಪ್ ಈ ಮಾತಿಗೆ ಬೆಲೆ ಕೊಟ್ಟು ಕಾಯುವಂತೆ ಬರೆದಿರಬೇಕು. ತಿದ್ದಿದ ಪ್ರತಿ ಕಾಯುವುದಿಲ್ಲ, ಮರುಕ್ಷಣವೇ ಮತ್ತೆ ಕೇಳುತ್ತದೆ. ಆದ್ದರಿಂದ ‘ಇಲ್ಲ’ ಎನ್ನುವ ಕೆಲಸ ಸರ್ವರ್‌ಗೆ ಅಗ್ಗವಾಗಿರಬೇಕು. ಡೇಟಾಬೇಸ್ ತಡಕಾಡಿ, ಚಂದಾ ಪರಿಶೀಲಿಸಿ, ಕೊನೆಯಲ್ಲಿ ಮಿತಿ ನೋಡಿದರೆ ತಿರಸ್ಕರಿಸಿದ ಕೋರಿಕೆಯೂ ಒಪ್ಪಿದ್ದರಷ್ಟೇ ದುಬಾರಿ. ಗುರುತಿನ ಟೋಕನ್‌ನ ಸಹಿ ಮೊದಲು, ಮಿತಿ ಆಮೇಲೆ, ಡೇಟಾಬೇಸ್ ಕೊನೆಗೆ.

ಎಣಿಕೆ ಇರುವ ಜಾಗವೂ ಒಂದೇ ಆಗಿರಬೇಕು. ನಾಲ್ಕು ಸರ್ವರ್‌ಗಳು ತಮ್ಮ ತಮ್ಮ ನೆನಪಿನಲ್ಲಿ ಎಣಿಸಿದರೆ ದಿನಕ್ಕೆ 150 ಎಂಬುದು 600 ಆಗುತ್ತದೆ. ಸಾಮಾನ್ಯವಾಗಿ ರೆಡಿಸ್ ಎಂಬ ವೇಗದ ಸಂಗ್ರಹದಲ್ಲಿ ಎಲ್ಲರ ಲೆಕ್ಕವನ್ನೂ ಇಡುತ್ತಾರೆ. ಅಲ್ಲೂ ಒಂದು ಎಚ್ಚರಿಕೆ ಬೇಕು. ಮೊದಲು ಸಂಖ್ಯೆ ಓದಿ, ಉಳಿದಿದೆಯೇ ಎಂದು ನೋಡಿ, ಬಳಿಕ ಒಂದು ಕಳೆದು ಬರೆಯುವುದು ಮೂರು ಬೇರೆ ಹೆಜ್ಜೆಗಳಾದರೆ, ಒಂದೇ ಕ್ಷಣದಲ್ಲಿ ಬಂದ 50 ಕೋರಿಕೆಗಳೂ ‘ಇನ್ನೊಂದು ಉಳಿದಿದೆ’ ಎಂದೇ ಓದುತ್ತವೆ, ಐವತ್ತೂ ಒಳಗೆ ಹೋಗುತ್ತವೆ. ದುರುಪಯೋಗ ಮಾಡುವವರು ಬೇಕೆಂದೇ ಹೀಗೆ ಒಟ್ಟಿಗೆ ಕಳಿಸುತ್ತಾರೆ. ಮೂರೂ ಹೆಜ್ಜೆ ಮಧ್ಯೆ ಬಿರುಕಿಲ್ಲದೆ ಒಂದೇ ಕ್ರಿಯೆಯಾಗಿ ನಡೆಯಬೇಕು, ರೆಡಿಸ್‌ನಲ್ಲಿ ಸಣ್ಣ ಲುವಾ ಸ್ಕ್ರಿಪ್ಟ್‌ನಿಂದ ಅದನ್ನು ಮಾಡಿಸಬಹುದು.

ಮಿತಿಯನ್ನು ಯಾವುದಕ್ಕೆ ಕಟ್ಟಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಫೋನಿನ ಐಡಿಗೆ ಕಟ್ಟಿದರೆ, ಆ ಐಡಿಯನ್ನು ಕಳಿಸುವುದೇ ಆ್ಯಪ್, ಮಾಡ್ ಪ್ರತಿ ಕೋರಿಕೆಗೂ ಹೊಸ ಐಡಿ ಹುಟ್ಟಿಸುತ್ತದೆ. ಐಪಿ ವಿಳಾಸಕ್ಕೆ ಕಟ್ಟಿದರೆ ಪ್ರಾಮಾಣಿಕರಿಗೆ ಏಟು. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಹಳೆಯ ಬಗೆಯ ಒಂದೇ ಐಪಿ ವಿಳಾಸದ ಹಿಂದೆ ಬಹಳಷ್ಟು ಗ್ರಾಹಕರಿರುತ್ತಾರೆ, ಬೆಂಗಳೂರಿನ ಪಿಜಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ. 2021ರಲ್ಲಿ ಲಸಿಕೆಯ ಸ್ಲಾಟ್ ಹುಡುಕಲು ಜನ ಬಾಟ್‌ಗಳ ಮೊರೆ ಹೋದಾಗ, ಕೋವಿನ್‌ನ ಸಾರ್ವಜನಿಕ ಎಪಿಐಗೆ ಒಂದು ಐಪಿಯಿಂದ ಐದು ನಿಮಿಷಕ್ಕೆ 100 ಕೋರಿಕೆ ಎಂಬ ಮಿತಿ ಬಂದಿತ್ತು. ಲಾಗಿನ್ ಇಲ್ಲದ ಸೇವೆಯಲ್ಲಿ ಹಿಡಿಯಲು ಬೇರೇನೂ ಇರುವುದಿಲ್ಲ, ನಿಜ. ನಮ್ಮ ಆ್ಯಪ್‌ನಲ್ಲಿ ಲಾಗಿನ್ ಇದೆ, ಮಿತಿ ಖಾತೆಗೇ ಸೇರಲಿ. ಐಪಿಗೆ ಇರುವ ಮಿತಿ ಬಹಳ ಸಡಿಲವಾಗಿ, ಮಹಾಪೂರವನ್ನು ತಡೆಯುವಷ್ಟಕ್ಕೆ ಇರಲಿ. ಹೊಸ ಬಗೆಯ ಐಪಿವಿ6ರಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಒಬ್ಬನೇ ಗ್ರಾಹಕನಿಗೆ ಎಣಿಸಲಾಗದಷ್ಟು ವಿಳಾಸಗಳು ಸಿಗುತ್ತವೆ. ಪೂರ್ತಿ ವಿಳಾಸವನ್ನಲ್ಲ, ಅದರ ಮೊದಲ 64 ಬಿಟ್‌ಗಳನ್ನು ಒಂದು ಮನೆಯೆಂದು ಎಣಿಸಬೇಕು.

ಖಾತೆಗೆ ಮಿತಿ ಕಟ್ಟಿದ ಮೇಲೆ ಒತ್ತಡ ಖಾತೆ ತೆರೆಯುವ ಕಡೆಗೆ ಹೊರಳುತ್ತದೆ. ಖಾತೆಗಳು ಪುಕ್ಕಟೆ ಸಿಕ್ಕರೆ ದಿನಕ್ಕೆ ಮೂರು ಉಚಿತ ಕಂತಿನಂತೆ ಸಾವಿರ ಖಾತೆ ತೆರೆದವನಿಗೆ ಮೂರು ಸಾವಿರ ಕಂತು. ಮೊಬೈಲ್ ನಂಬರ್ ಮತ್ತು ಒಟಿಪಿ ಕೇಳುವುದು ಇದಕ್ಕೆ ಇಲ್ಲಿನ ರೂಢಿಯ ಉತ್ತರ. ಒಟಿಪಿ ಕಳಿಸಲು ನಮಗೆ ಹಣ ಬೀಳುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಒಟಿಪಿ ಕೋರಿಕೆಗೆ ಮಿತಿ ಇಲ್ಲದಿದ್ದರೆ ಯಾರೋ ರಾತ್ರಿಯಿಡೀ ಬೇರೆಯವರ ನಂಬರ್‌ಗಳಿಗೆ ಒಟಿಪಿ ಕಳಿಸುತ್ತ ಕೂರಬಹುದು, ಬೆಳಗ್ಗೆ ಎಸ್‌ಎಂಎಸ್ ಖಾತೆ ಬರಿದಾಗಿರುತ್ತದೆ. ಒಂದು ನಂಬರ್‌ಗೆ ಗಂಟೆಗೆ ಮೂರು, ಒಂದು ಜಾಲದಿಂದ ಇಷ್ಟು, ಒಟ್ಟು ದಿನಕ್ಕೆ ಇಷ್ಟು ಎಂಬ ಮೂರೂ ಬೇಕು.

ಬಂದದ್ದು ಅಸಲಿ ಆ್ಯಪೇ ಎಂದು ತಿಳಿಯುವ ದಾರಿಯೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅರ್ಧ. ಆ್ಯಂಡ್ರಾಯ್ಡ್‌ನಲ್ಲಿ ಪ್ಲೇ ಇಂಟೆಗ್ರಿಟಿ ಎಂಬ ಸೇವೆ, ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ ಆ್ಯಪ್ ಅಟೆಸ್ಟ್ ಎಂಬ ಸೇವೆ ಇದೆ. ಪ್ಲೇ ಇಂಟೆಗ್ರಿಟಿಯಲ್ಲಿ ಆ್ಯಪ್ ಗೂಗಲ್‌ನಿಂದ ಮುಚ್ಚಿದ ಒಂದು ತೀರ್ಪು ಪಡೆದು ನಮ್ಮ ಸರ್ವರ್‌ಗೆ ತಲುಪಿಸುತ್ತದೆ. ಸರ್ವರ್ ಅದನ್ನು ಬಿಚ್ಚಿದಾಗ PLAY_RECOGNIZED ಎಂದಿದ್ದರೆ ಆ್ಯಪ್ ಮತ್ತು ಅದರ ಸಹಿ ಪ್ಲೇ ಸ್ಟೋರ್‌ನಲ್ಲಿರುವಂಥದ್ದೇ, UNRECOGNIZED_VERSION ಎಂದಿದ್ದರೆ ಹೊಂದುತ್ತಿಲ್ಲ. ಈ ತೀರ್ಪನ್ನು ಫೋನಿನೊಳಗೆ ತಿದ್ದಲಾಗದು, ಅದೇ ಇದರ ಶಕ್ತಿ. ಮಿತಿಗಳೂ ಇವೆ. ಮಾಮೂಲಿ ಖಾತೆಗೆ ದಿನಕ್ಕೆ 10,000 ತೀರ್ಪುಗಳಷ್ಟೇ, ಹೆಚ್ಚಿಗೆ ಬೇಕಾದರೆ ಕೇಳಿಕೊಳ್ಳಬೇಕು. ಹಾಗಾಗಿ ಪ್ರತಿ ಕಂತಿಗೆ ಅಲ್ಲ, ಲಾಗಿನ್, ಚಂದಾ ನೋಂದಣಿಯಂಥ ಘಳಿಗೆಯಲ್ಲಿ ಮಾತ್ರ ಕೇಳಬೇಕು. ಒಂದು ಅಸಲಿ ಫೋನಿನಲ್ಲಿ ತೀರ್ಪು ಪಡೆದು ಬೇರೆಡೆ ಬಳಸುವವರಿರುವುದರಿಂದ ತೀರ್ಪು ಆ ಒಂದು ಕೋರಿಕೆಗೇ ಅಂಟಿಕೊಂಡಿದೆಯೇ ಎಂದು ಸರ್ವರ್ ನೋಡಬೇಕು. ಇನ್ನು, ಹಳೆಯ ಫೋನಿಗೆ ಲಿನಿಯೇಜ್‌ನಂಥ ಬೇರೆ ಆ್ಯಂಡ್ರಾಯ್ಡ್ ಹಾಕಿಕೊಂಡ ಸಜ್ಜನರೂ ಸಾಧನದ ಪರೀಕ್ಷೆಯಲ್ಲಿ ಫೇಲಾಗುತ್ತಾರೆ. ಈ ತೀರ್ಪಿನ ಮೇಲೆ ಬಾಗಿಲು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ತೀರ್ಪು ಚೆನ್ನಾಗಿಲ್ಲದ ಖಾತೆಗೆ ದಿನಕ್ಕೆ 150ರ ಬದಲು 60, ಹೊಸ ಖಾತೆಯಾದರೆ ಇನ್ನೊಂದು ಒಟಿಪಿ, ಅಷ್ಟು ಸಾಕು.

ಮಾಡ್ ಬಳಸುವವರೆಲ್ಲ ಕಳ್ಳರಲ್ಲ ಎಂಬುದೂ ನೆನಪಿರಬೇಕು. ತಮ್ಮನೋ ಗೆಳೆಯನೋ ಹಾಕಿಕೊಟ್ಟದ್ದನ್ನು ಬಳಸುತ್ತಿರುವವರು ಬಹಳ. ಕೆಲವೊಮ್ಮೆ ಅವರೇ ಮೊದಲ ಬಲಿ. 2021ರಲ್ಲಿ ಎಫ್‌ಎಂ ವಾಟ್ಸ್ಆ್ಯಪ್ ಎಂಬ ಮಾಡ್‌ನ ಒಂದು ಆವೃತ್ತಿಯೊಳಗೆ ಟ್ರಯಾಡಾ ಎಂಬ ಟ್ರೋಜನ್ ಇರುವುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ ಪತ್ತೆ ಮಾಡಿತು. 2019ರಲ್ಲಿ ವಾಟ್ಸ್ಆ್ಯಪ್ ತನ್ನ ಜಿಬಿ ವಾಟ್ಸ್ಆ್ಯಪ್ ಬಳಕೆದಾರರನ್ನು ತಾತ್ಕಾಲಿಕವಾಗಿ ತಡೆದು ಅಸಲಿ ಆ್ಯಪ್‌ಗೆ ಬನ್ನಿ ಎಂದಿತು. ನಮ್ಮ ಕಥೆಯ ಆ್ಯಪ್‌ನಲ್ಲಿ ಅಷ್ಟೂ ಬೇಕಾಗದು. ಲೆಕ್ಕವೆಲ್ಲ ಸರ್ವರ್‌ಗೆ ಬಂದ ದಿನದಿಂದ, ಪರದೆಯ ಮೇಲೆ ‘ಪ್ರೀಮಿಯಂ’ ಎಂದು ಬರೆದಿದ್ದರೂ ನಾಲ್ಕನೆಯ ಕಂತು ಅವರಿಗೆ ಸಿಗುವುದಿಲ್ಲ. ಮೂರು ಉಚಿತ ಕಂತು ಅವರಿಗೂ ಸಲ್ಲುತ್ತದೆ.

ಈ ಬದಲಾವಣೆಯನ್ನು ಒಂದೇ ರಾತ್ರಿ ಜಾರಿಗೆ ತಂದರೆ ಅಪಾಯ. ಹಳೆಯ ಆವೃತ್ತಿ ಇಟ್ಟುಕೊಂಡಿರುವ, ನಿಜವಾಗಿ ಚಂದಾ ಕಟ್ಟಿದ ಗ್ರಾಹಕರ ಆ್ಯಪ್ ಇನ್ನೂ premium=true ಎಂದೇ ಹೇಳುತ್ತಿರುತ್ತದೆ, ಖರೀದಿ ಟೋಕನ್ ಕಳಿಸುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಮೊದಲ ಎರಡು ವಾರ ಹೊಸ ನಿಯಮ ಯಾರನ್ನೂ ತಡೆಯದೆ, ‘ತಡೆಯುವುದಾಗಿದ್ದರೆ ಇವರನ್ನು ತಡೆಯುತ್ತಿದ್ದೆ’ ಎಂದು ಲಾಗ್‌ನಲ್ಲಿ ಬರೆಯುತ್ತ ಹೋಗಬೇಕು. ಆ ಪಟ್ಟಿಯನ್ನು ಕೂತು ಓದಿದಾಗ ಎರಡು ಗುಂಪುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಒಂದರಲ್ಲಿ ಹಳೆಯ ಆವೃತ್ತಿಯ ಸಂಖ್ಯೆ, ಸಂಜೆ ಹೊತ್ತಿನ ಎರಡು ಮೂರು ಕಂತು, ಕೇಳಿದಷ್ಟು ಹೊತ್ತಿನ ದಾಖಲೆ ಇರುತ್ತದೆ. ಅವರಿಗೆ ಆ್ಯಪ್ ಅಪ್‌ಡೇಟ್ ಮಾಡಿ ಎಂಬ ಸಂದೇಶವನ್ನೂ, ಇನ್ನೊಂದಿಷ್ಟು ಕಾಲಾವಕಾಶವನ್ನೂ ಕೊಡಬೇಕು. ಇನ್ನೊಂದರಲ್ಲಿ ನಾವೆಂದೂ ಬಿಡುಗಡೆ ಮಾಡದ ಆವೃತ್ತಿಯ ಸಂಖ್ಯೆಗಳು, ಬೆಳಗಿನ ಜಾವ ಮೂರಕ್ಕೂ ನಿಲ್ಲದ ಕೋರಿಕೆಗಳು, ಲಿಂಕ್ ಪಡೆದೂ ಒಂದು ನಿಮಿಷ ಕೇಳಿದ ದಾಖಲೆಯಿಲ್ಲದ ಖಾತೆಗಳು ಇರುತ್ತವೆ. ತಡೆಯನ್ನು ಈ ಎರಡನೆಯ ಗುಂಪಿನಿಂದ ಶುರು ಮಾಡಬೇಕು. ಮೊದಲನೆಯ ಗುಂಪು ಪಟ್ಟಿಯಿಂದ ಖಾಲಿಯಾಗುವವರೆಗೂ ಹಳೆಯ ದಾರಿಯನ್ನು ಪೂರ್ತಿ ಮುಚ್ಚಬಾರದು.